ಕ್ರೇನ್‌ನಲ್ಲಿ ಭಾರ ಎತ್ತುವ ಕೈಪಿಡಿ: ಆಪರೇಟರ್, ರಿಗ್ಗರ್, ಸಿಗ್ನಲ್‌ಮ್ಯಾನ್ ಮೂವರಿಗೂ

ಸುಂಟಿಕೊಪ್ಪ ಹತ್ತಿರದ ತೋಟದಲ್ಲಿ ಕಾಫಿ ಡ್ರೈಯರ್ ಇಳಿಸುವ ಕೆಲಸಕ್ಕೆಂದು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತಂದಿದ್ದೇವೆ. ಇಲ್ಲಿನ ಮಳೆಗೂ ಇಳಿಜಾರಿಗೂ ಬೇಕಾದ ಮಾತುಗಳನ್ನು ಸೇರಿಸಿದ್ದೇವೆ. ಚಾರ್ಟಿನ ಅಂಕಿಗಳು ಈ ಕೆಲಸದ ಕ್ರೇನಿನವು. ಬೇರೆ ಕ್ರೇನ್ ಬಂದರೆ ಅದರ ಕ್ಯಾಬಿನ್‌ನಲ್ಲಿರುವ ಚಾರ್ಟನ್ನೇ ನೋಡಿ.

ಲೋಡ್ ಚಾರ್ಟ್ ಓದುವುದು

ಕ್ರೇನಿನ ಮೇಲೆ ಬರೆದ ಟನ್ ನೋಡಿ ಭಾರ ಎತ್ತಬೇಡಿ. ಅದು ಬೂಮ್ ಚಿಕ್ಕದಿದ್ದು, ಭಾರ ತೀರಾ ಹತ್ತಿರ ಇದ್ದಾಗಿನ ಲೆಕ್ಕ. ಭಾರ ದೂರ ಹೋದಷ್ಟೂ ಕ್ರೇನಿನ ಶಕ್ತಿ ಇಳಿಯುತ್ತದೆ.

ದೂರ ಅಂದರೆ ರೇಡಿಯಸ್. ಕ್ರೇನ್ ತಿರುಗುವ ನಡುಮಧ್ಯದಿಂದ ಹುಕ್‌ನ ಕೆಳಗಿನ ಜಾಗದವರೆಗೆ ನೆಲದ ಮೇಲೆ ಟೇಪ್ ಹಿಡಿದು ಅಳೆಯಿರಿ. ಟೈರಿನಿಂದಲೋ ಜಾಕಿನಿಂದಲೋ ಅಳೆದರೆ ಒಂದೆರಡು ಮೀಟರ್ ಕಮ್ಮಿ ಬರುತ್ತದೆ. ಭಾರ ಎದ್ದಾಗ ಬೂಮ್ ಬಾಗುತ್ತದೆ, ರೇಡಿಯಸ್ ಇನ್ನಷ್ಟು ಜಾಸ್ತಿಯಾಗುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಮ್ಮ ಲೆಕ್ಕ ಹೀಗಿದೆ. ಡ್ರೈಯರ್ 3,200 ಕೆಜಿ, ಹುಕ್ ಬ್ಲಾಕ್ 180, ಸ್ಲಿಂಗ್ ಮತ್ತು ಶಾಕಲ್ 70. ಒಟ್ಟು 3,450 ಕೆಜಿ. ಹುಕ್ಕಿನ ತೂಕವೂ ಭಾರವೇ, ಬಿಡಬೇಡಿ. ಅಳೆದ ರೇಡಿಯಸ್ 8.4 ಮೀಟರ್. ಚಾರ್ಟಿನಲ್ಲಿ 8 ಮತ್ತು 9 ಮಾತ್ರ ಇವೆ. ಹಾಗಿದ್ದಾಗ ದೊಡ್ಡದನ್ನೇ ಹಿಡಿಯಬೇಕು, ನಡುವೆ ಅಂದಾಜು ಹಾಕಬಾರದು. 12 ಮೀಟರ್ ಬೂಮ್‌ಗೆ 9 ಮೀಟರಿನಲ್ಲಿ 4,400 ಕೆಜಿ ಇದೆ. ನಮ್ಮ ಭಾರ ಅದರ ಸುಮಾರು 78 ಶೇಕಡ. ಈ ಕೆಲಸದಲ್ಲಿ 80 ಶೇಕಡ ದಾಟುವುದಿಲ್ಲ ಎಂದು ನಾವೇ ಮಿತಿ ಇಟ್ಟುಕೊಂಡಿದ್ದೇವೆ. 10 ಮೀಟರಿಗೆ ಹೋದರೆ ಚಾರ್ಟಿನಲ್ಲಿ 3,700 ಮಾತ್ರ, ಅಂದರೆ 93 ಶೇಕಡ. ಅಲ್ಲಿಗೆ ಹೋಗುವುದೇ ಬೇಡ, ಕ್ರೇನನ್ನೇ ಹತ್ತಿರ ತನ್ನಿ.

ಕೆಲವು ಚಾರ್ಟುಗಳಲ್ಲಿ ದಪ್ಪ ಗೆರೆ ಎಳೆದಿರುತ್ತಾರೆ. ಸಾಮಾನ್ಯವಾಗಿ ಅದರ ಒಂದು ಕಡೆಯ ಮಿತಿ ಕ್ರೇನ್ ಮಗುಚುವುದಕ್ಕೆ, ಇನ್ನೊಂದು ಕಡೆಯದು ಬೂಮ್ ಮುರಿಯುವುದಕ್ಕೆ. ಮುರಿಯುವ ಕಡೆ ಜಾಕ್ ಏಳುವ ಮುನ್ಸೂಚನೆಯೂ ಸಿಗುವುದಿಲ್ಲ.

ಚಾರ್ಟಿನ ಅಂಕಿ ಸಮತಟ್ಟಾದ ಗಟ್ಟಿ ನೆಲಕ್ಕೆ, ಜಾಕ್ ಪೂರ್ತಿ ಚಾಚಿದ್ದಾಗ ಮಾತ್ರ. ನಮ್ಮ ಕಡೆ ಇದೇ ಕಷ್ಟ. ಮಳೆಗಾಲದ ಕೆಂಪುಮಣ್ಣು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಕಡಿದ ದಿಬ್ಬದ ಅಂಚಿಗೆ, ಹೊಸದಾಗಿ ತುಂಬಿದ ಮಣ್ಣಿಗೆ ಜಾಕ್ ಇಡಬೇಡಿ. ಪ್ರತಿ ಜಾಕಿನ ಕೆಳಗೆ ದಪ್ಪ ಮರದ ಪಟ್ಟಿ ಅಡ್ಡಡ್ಡ ಜೋಡಿಸಿ.

ಸ್ಲಿಂಗ್ ಕೋನ

ಈ ಕೈಪಿಡಿಯಲ್ಲಿ ಕೋನ ಅಂದರೆ ಸ್ಲಿಂಗಿಗೂ ಅಡ್ಡಗೆರೆಗೂ ನಡುವಿನದು. ಕೆಲವು ಸ್ಲಿಂಗ್ ಟ್ಯಾಗ್‌ಗಳಲ್ಲಿ ಎರಡು ಕಾಲುಗಳ ನಡುವಿನ ಕೋನ ಬರೆದಿರುತ್ತಾರೆ. ಟ್ಯಾಗಿನಲ್ಲಿ 120 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 30.

ಎರಡು ಕಾಲಿನ ಸ್ಲಿಂಗಿನಲ್ಲಿ ಡ್ರೈಯರ್ ಎತ್ತಿದರೆ, ಒಂದೊಂದು ಕಾಲಿಗೆ ಬೀಳುವ ಎಳೆತ:

90 ಡಿಗ್ರಿ: 1,600 ಕೆಜಿ
60 ಡಿಗ್ರಿ: 1,848 ಕೆಜಿ
45 ಡಿಗ್ರಿ: 2,263 ಕೆಜಿ
30 ಡಿಗ್ರಿ: 3,200 ಕೆಜಿ

ನಮ್ಮ ಸ್ಲಿಂಗಿನ ಒಂದು ಕಾಲಿಗೆ 2 ಟನ್ ಮಿತಿ. 60ಕ್ಕೆ ತಡೆಯುತ್ತದೆ, 45ಕ್ಕೆ ಇಲ್ಲ. ಡ್ರೈಯರ್ ತೂಕ ಒಂದು ಕೆಜಿಯೂ ಜಾಸ್ತಿಯಾಗಿಲ್ಲ, ನೋಡಿ.

ಕೋನ ಅಳೆಯಲು ಉಪಕರಣ ಬೇಕಿಲ್ಲ. ಭಾರಕ್ಕೆ ಕಟ್ಟುವ ಎರಡು ಕೊಂಡಿಗಳ ನಡುವೆ ಎಷ್ಟು ದೂರ ಇದೆಯೋ, ಸ್ಲಿಂಗಿನ ಪ್ರತಿ ಕಾಲೂ ಕನಿಷ್ಠ ಅಷ್ಟೇ ಉದ್ದ ಇರಲಿ. ಸಮನಾಗಿದ್ದರೆ ಸರಿಯಾಗಿ 60 ಡಿಗ್ರಿ. ಸ್ಲಿಂಗ್ ಗಿಡ್ಡವಾಯಿತು ಅನ್ನಿಸಿದರೆ ಉದ್ದದ್ದು ತರಿಸಿ. ನಾಲ್ಕು ಕಾಲಿನ ಸ್ಲಿಂಗ್ ಹಾಕಿದರೂ ಭಾರ ಎರಡೇ ಕಾಲಿಗೆ ಬೀಳಬಹುದು, ಲೆಕ್ಕ ಎರಡಕ್ಕೇ ಹಾಕಿ. ಚೂಪು ಅಂಚಿಗೆ ಗೋಣಿಚೀಲ ಮಡಚಿ ಇಟ್ಟರೆ ಸಾಲದು, ಸರಿಯಾದ ಕಾರ್ನರ್ ಪ್ಯಾಡ್ ಬೇಕು. ಟ್ಯಾಗ್ ಇಲ್ಲದ ಸ್ಲಿಂಗನ್ನು ಪಕ್ಕಕ್ಕಿಡಿ.

ಕೈ ಸನ್ನೆಗಳು

ಸನ್ನೆ ಕೊಡುವವರು ಒಬ್ಬರೇ. ತೋಟದ ರೈಟರೂ ಲಾರಿ ಡ್ರೈವರೂ ಕೈ ಬೀಸಿದರೆ ಆಪರೇಟರ್ ನೋಡಬಾರದು.

ಭಾರ ಮೇಲೆತ್ತು: ಮುಂಗೈ ನೆಟ್ಟಗೆ, ತೋರುಬೆರಳು ಮೇಲೆ, ಕೈ ಸಣ್ಣದಾಗಿ ಸುತ್ತಿಸಿ.
ಭಾರ ಇಳಿಸು: ತೋಳು ಕೆಳಗೆ, ಬೆರಳು ನೆಲಕ್ಕೆ, ಸಣ್ಣದಾಗಿ ಸುತ್ತಿಸಿ.
ಬೂಮ್ ಮೇಲೆ: ತೋಳು ಪಕ್ಕಕ್ಕೆ ಚಾಚಿ, ಮುಷ್ಟಿ ಕಟ್ಟಿ, ಹೆಬ್ಬೆರಳು ಮೇಲೆ. ಬೂಮ್ ಕೆಳಗೆ: ಹೆಬ್ಬೆರಳು ಕೆಳಗೆ.
ತಿರುಗಿಸು: ತೋಳು ಚಾಚಿ, ತಿರುಗಬೇಕಾದ ಕಡೆ ಬೆರಳು ತೋರಿಸಿ.
ನಿಧಾನ: ಒಂದು ಕೈ ಸನ್ನೆ ಕೊಡುತ್ತಿರಲಿ, ಇನ್ನೊಂದು ಅಂಗೈ ಅದರ ಮುಂದೆ ಅಲುಗದೆ ಇರಲಿ.
ನಿಲ್ಲಿಸು: ಒಂದು ತೋಳು ಪಕ್ಕಕ್ಕೆ, ಅಂಗೈ ಕೆಳಮುಖ, ಅಡ್ಡಕ್ಕೆ ಬೀಸಿ.
ತಕ್ಷಣ ನಿಲ್ಲಿಸು: ಎರಡೂ ತೋಳು ಹಾಗೆಯೇ ಬೀಸಿ.

ಈ ಕೊನೆಯದನ್ನು ಮಾತ್ರ ಯಾರು ಕೊಟ್ಟರೂ ಆಪರೇಟರ್ ನಿಲ್ಲಿಸಬೇಕು. ಬೂಮ್ ಸನ್ನೆಗೂ ಭಾರದ ಸನ್ನೆಗೂ ಗೊಂದಲ ಆಗುವುದು ಜಾಸ್ತಿ. ಹಾಗಾಗಿ ಖಾಲಿ ಹುಕ್ಕಿನಲ್ಲಿ ಎಲ್ಲ ಸನ್ನೆ ಒಮ್ಮೆ ಮಾಡಿ ನೋಡಿಕೊಳ್ಳಿ.

ಮಂಜು ಕವಿದು ಸಿಗ್ನಲ್‌ಮ್ಯಾನ್ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಮಂಜು ಸರಿಯುವವರೆಗೆ ಕಾಯಿರಿ. ಸಿಲ್ವರ್ ಓಕ್ ಮರಗಳ ಮರೆಯಲ್ಲಿ ಕರೆಂಟ್ ತಂತಿ ಇದ್ದರೆ ಲೈನ್‌ಮನ್ ಬಂದು ಲೈನ್ ಆಫ್ ಮಾಡುವವರೆಗೆ ಬೂಮ್ ಎತ್ತಬೇಡಿ. ಭಾರವನ್ನು ಮೊದಲು ಒಂದು ಗೇಣು ಎತ್ತಿ ನಿಲ್ಲಿಸಿ. ಜಾಕ್, ಸ್ಲಿಂಗ್, ಬ್ರೇಕ್ ನೋಡಿ. ಒಂದು ಕಡೆ ವಾಲಿದರೆ ಇಳಿಸಿ ಮತ್ತೆ ಕಟ್ಟಿ. ಡ್ರೈಯರ್ ಕೂತ ಮೇಲೂ ಬೋಲ್ಟ್ ಬಿಗಿಯುವ ತನಕ ಸ್ಲಿಂಗ್ ಬಿಚ್ಚಬೇಡಿ.