ಹತ್ತಿ ಬೀಜ ಯಾರ ಕೈಯಲ್ಲಿ? – ಟಿಪ್ಪಣಿ ಸಹಿತ ಗ್ರಂಥಸೂಚಿ

ಎಂ.ಎ. ಸಮಾಜಶಾಸ್ತ್ರ, ಗ್ರಾಮೀಣ ಸಮಾಜ ಪತ್ರಿಕೆಯ ಟರ್ಮ್ ಪೇಪರ್, ಧಾರವಾಡ

ಪ್ರಬಂಧದ ಪ್ರಶ್ನೆ: ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಹೊಲಗಳಲ್ಲಿ ಮುಂದಿನ ವರ್ಷದ ಬೀಜ ಹಸನು ಮಾಡಿ ಎತ್ತಿಡುವುದು ಮನೆಯ ಹೆಣ್ಣುಮಕ್ಕಳ ಕೆಲಸವಾಗಿತ್ತು. ಈಗ ಹತ್ತಿ ಬೀಜ ಅಂಗಡಿಯಿಂದ ಪಾಕೀಟಿನಲ್ಲಿ ಬರುತ್ತದೆ, ಅಂಗಡಿಗೆ ಹೋಗುವವರು ಗಂಡಸರು. ಹಾಗಾದರೆ ಬೀಜದ ಬಗ್ಗೆ ಹೆಣ್ಣುಮಕ್ಕಳ ಮಾತಿಗೆ ಮನೆಯಲ್ಲಿ ಏನು ಬೆಲೆ ಉಳಿದಿದೆ?

ಗೆಜೆಟಿಯರ್ ಆಫ್ ದಿ ಬಾಂಬೆ ಪ್ರೆಸಿಡೆನ್ಸಿ, ಸಂಪುಟ 22: ಧಾರವಾಡ. 1884.
ಇಂದಿನ ಗದಗ, ಹಾವೇರಿ ಸೀಮೆಯೂ ಸೇರಿದ್ದ ಹಳೆಯ ಧಾರವಾಡ ಜಿಲ್ಲೆಯ ಸರ್ಕಾರಿ ದಾಖಲೆ. ಅಮೆರಿಕದ ಹತ್ತಿ ತಳಿಯನ್ನು ಇಲ್ಲಿ ಬೆಳೆಸಲು ಸರ್ಕಾರ ಪಟ್ಟ ಪ್ರಯತ್ನದ ವಿವರ ಇದೆ. ಮಾಹಿತಿಗೆ ಒಳ್ಳೆಯದು. ಆದರೆ ಅಧಿಕಾರಿಗಳಿಗೆ ಬೇಕಿದ್ದದ್ದು ಕಂದಾಯ ಮತ್ತು ರಫ್ತು. ಮನೆಯೊಳಗಿನ ಕೆಲಸವನ್ನು ಈ ಕಣ್ಣಿನಿಂದ ನೋಡಲು ಆಗುವುದಿಲ್ಲ. ಹಿನ್ನೆಲೆಗೆ ಮಾತ್ರ ಬಳಸುತ್ತೇನೆ.

ಸಂದೀಪ್ ಹಜಾರೀಸಿಂಗ್. ‘ಕಾಟನ್, ಕ್ಲೈಮೇಟ್ ಅಂಡ್ ಕಲೋನಿಯಲಿಸಂ ಇನ್ ಧಾರವಾರ್, ವೆಸ್ಟರ್ನ್ ಇಂಡಿಯಾ, 1840–1880.’ ಜರ್ನಲ್ ಆಫ್ ಹಿಸ್ಟಾರಿಕಲ್ ಜಿಯೋಗ್ರಫಿ, 2012.
ಗೆಜೆಟಿಯರ್ ಹೇಳುವ ಅದೇ ಕಥೆಯನ್ನು ಈ ಲೇಖನ ಹೊಲದ ಕಡೆಯಿಂದ ನೋಡುತ್ತದೆ. ಇಂಗ್ಲೆಂಡಿನ ಮಿಲ್ಲುಗಳಿಗೆ ಬೇಕಾದ ಹತ್ತಿಯನ್ನು ಧಾರವಾಡದಲ್ಲಿ ಬೆಳೆಸುವ ಯೋಜನೆಗೆ ಇಲ್ಲಿಯ ಮಳೆ, ಹವೆ ಮತ್ತು ರೈತರ ಸ್ವಂತ ಲೆಕ್ಕಾಚಾರ ಅಡ್ಡ ಬಂದವು ಅನ್ನುವುದು ವಾದ. ರೈತ ಸುಮ್ನೆ ಆಜ್ಞೆ ಕೇಳುವವನಲ್ಲ, ತನ್ನ ನೆಲ ನೋಡಿ ತೀರ್ಮಾನ ಮಾಡುವವನು ಎಂದು ತೋರಿಸಿದ್ದು ಇದರ ದೊಡ್ಡ ಬಲ. ಬೀಜ ಹೊರಗಿನಿಂದ ಬರುವುದು ಬಿಟಿ ಹತ್ತಿಯಿಂದ ಶುರುವಾದದ್ದಲ್ಲ ಎಂಬ ನನ್ನ ಮೊದಲ ಮಾತಿಗೆ ಇದೇ ಆಧಾರ. ಆಧಾರವಾಗಿರುವ ಹಳೆಯ ಕಡತಗಳು ಹೆಚ್ಚಾಗಿ ವಸಾಹತು ಸರ್ಕಾರದವೇ. ಹಾಗಾಗಿ ರೈತರ ಮಾತು ಅಧಿಕಾರಿಗಳ ಬರಹದ ಮೂಲಕವೇ ನಮಗೆ ತಲುಪುತ್ತದೆ.

ಕೆ. ಈಶ್ವರನ್. ಟ್ರೆಡಿಷನ್ ಅಂಡ್ ಎಕಾನಮಿ ಇನ್ ವಿಲೇಜ್ ಇಂಡಿಯಾ. ಲಂಡನ್: ರೌಟ್ಲೆಜ್ ಅಂಡ್ ಕೀಗನ್ ಪಾಲ್, 1966.
ಧಾರವಾಡ ಸೀಮೆಯ ಹಳ್ಳಿಯೊಂದನ್ನು ‘ಶಿವಾಪುರ’ ಎಂದು ಕರೆದು ಮಾಡಿದ ಅಧ್ಯಯನ. ಆಯದ ಪದ್ಧತಿ, ಅಂದರೆ ಬಡಿಗೇರ, ಕಂಬಾರರು ಕೆಲಸ ಮಾಡಿ ಸುಗ್ಗಿಯಲ್ಲಿ ಕಾಳು ಪಡೆಯುವ ಸಂಬಂಧ, ಇದರಿಂದ ಚೆನ್ನಾಗಿ ತಿಳಿಯುತ್ತದೆ. ಹಳ್ಳಿಯ ಹೊಂದಾಣಿಕೆಗೆ ಕೊಟ್ಟ ಒತ್ತು ಜಗಳ, ಅಸಮಾನತೆಗೆ ಸಿಕ್ಕಿಲ್ಲ ಅನಿಸುತ್ತದೆ. ಒಂದು ಪ್ಯಾರಾಕ್ಕೆ ಸಾಕು.

ಎ.ಆರ್. ವಾಸವಿ. ‘ಹೈಬ್ರಿಡ್ ಟೈಮ್ಸ್, ಹೈಬ್ರಿಡ್ ಪೀಪಲ್: ಕಲ್ಚರ್ ಅಂಡ್ ಅಗ್ರಿಕಲ್ಚರ್ ಇನ್ ಸೌತ್ ಇಂಡಿಯಾ.’ ಮ್ಯಾನ್, 1994.
ನನ್ನ ಪ್ರಬಂಧಕ್ಕೆ ಎಲ್ಲಕ್ಕಿಂತ ಹತ್ತಿರದ ಬರಹ. ವಿಜಯಪುರ ಜಿಲ್ಲೆಯ ಕ್ಷೇತ್ರಕಾರ್ಯ. ಹೈಬ್ರಿಡ್ ಬೀಜ ಬಂದ ಮೇಲೆ ಬೆಳೆ ಮಾತ್ರವಲ್ಲ, ಕಾಲವೂ ಜನರೂ ಹೈಬ್ರಿಡ್ ಆದರು ಎಂದು ಹಳ್ಳಿಯವರು ಹೇಳುವುದನ್ನು ವಾಸವಿ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಜವಾರಿ ಅಂದರೆ ಗಟ್ಟಿ, ಹೈಬ್ರಿಡ್ ಅಂದರೆ ಸತ್ವ ಇಲ್ಲದ್ದು. ಈ ಮಾತು ಹುಬ್ಬಳ್ಳಿಯ ತರಕಾರಿ ಸಂತೆಯಲ್ಲೂ ಕೇಳುತ್ತದೆ, ಅಲ್ವಾ? ಇದನ್ನು ಹಳೇ ಕಾಲದ ಹಳಹಳಿಕೆ ಎಂದು ತಳ್ಳಿಹಾಕದೆ, ಬೇಸಾಯ ಬದಲಾದದ್ದರ ಬಗ್ಗೆ ಜನರೇ ಮಾಡಿದ ವಿಮರ್ಶೆ ಎಂದು ಓದಿದ್ದು ನನಗೆ ತುಂಬಾ ಮುಖ್ಯ. ವಿಜಯಪುರದ ಒಣಭೂಮಿಯ ಮಾತನ್ನು ನವಲಗುಂದಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ. ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ 1972ರಲ್ಲಿ ಹೊರಬಂದದ್ದು ಧಾರವಾಡದಿಂದಲೇ. ಇಲ್ಲಿಯವರಿಗೆ ಹೈಬ್ರಿಡ್ ಅನ್ನುವುದರಲ್ಲಿ ಹೆಮ್ಮೆಯೂ ಬೆರೆತಿರಬಹುದು. ಸಂದರ್ಶನದಲ್ಲಿ ಇದನ್ನು ಕೇಳಬೇಕು, ಅದರಲ್ಲೂ ವಯಸ್ಸಾದ ಹೆಣ್ಣುಮಕ್ಕಳನ್ನು.

ಗ್ಲೆನ್ ಡೇವಿಸ್ ಸ್ಟೋನ್. ‘ಅಗ್ರಿಕಲ್ಚರಲ್ ಡಿಸ್ಕಿಲ್ಲಿಂಗ್ ಅಂಡ್ ದ ಸ್ಪ್ರೆಡ್ ಆಫ್ ಜೆನೆಟಿಕಲಿ ಮಾಡಿಫೈಡ್ ಕಾಟನ್ ಇನ್ ವಾರಂಗಲ್.’ ಕರೆಂಟ್ ಆಂತ್ರೊಪಾಲಜಿ, 2007.
ವಾರಂಗಲ್ ರೈತರು ಬೀಜವನ್ನು ಹೊಲದಲ್ಲಿ ಪರೀಕ್ಷಿಸಿ ಆರಿಸುವುದಕ್ಕಿಂತ ಜಾಸ್ತಿ ಪಕ್ಕದವರನ್ನು ನೋಡಿ ಆರಿಸುತ್ತಿದ್ದರು, ಒಂದೊಂದು ಊರಲ್ಲಿ ಒಂದೊಂದು ಬ್ರಾಂಡಿನ ಅಲೆ ಏಳುತ್ತಿತ್ತು ಎನ್ನುತ್ತಾರೆ. ಕಾರಣ ರೈತರ ದಡ್ಡತನ ಅಲ್ಲ. ಬ್ರಾಂಡುಗಳು ಬೇಗ ಬದಲಾದರೆ ಕಲಿಯಲು ಸಮಯವೇ ಸಿಗುವುದಿಲ್ಲ. ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಕೌಶಲ ಹೋಯಿತು ಅನ್ನುವಾಗ ಮನೆಯಲ್ಲಿ ಯಾರ ಕೌಶಲ ಎಂದು ಕೇಳಲೇಬೇಕು. ನನ್ನ ಪ್ರಬಂಧ ಇಲ್ಲಿಂದ ಕವಲೊಡೆಯುತ್ತದೆ.

ದಾವುಲೂರಿ ವೆಂಕಟೇಶ್ವರ್ಲು ಮತ್ತು ಲೂಸಿಯಾ ಡ ಕೋರ್ಟಾ. ‘ಟ್ರಾನ್ಸ್‌ಫರ್ಮೇಷನ್ಸ್ ಇನ್ ದ ಏಜ್ ಅಂಡ್ ಜೆಂಡರ್ ಆಫ್ ಅನ್‌ಫ್ರೀ ವರ್ಕರ್ಸ್ ಆನ್ ಹೈಬ್ರಿಡ್ ಕಾಟನ್ ಸೀಡ್ ಫಾರ್ಮ್ಸ್ ಇನ್ ಆಂಧ್ರ ಪ್ರದೇಶ್.’ ಜರ್ನಲ್ ಆಫ್ ಪೆಸೆಂಟ್ ಸ್ಟಡೀಸ್, 2001.
ಹೈಬ್ರಿಡ್ ಬೀಜ ತಯಾರಾಗುವುದು ಒಂದೊಂದೇ ಹೂವನ್ನು ಕೈಯಿಂದ ಪರಾಗಸ್ಪರ್ಶ ಮಾಡಿ. ಆ ಕೆಲಸಕ್ಕೆ ಮಾಲೀಕರು ತಂದೆತಾಯಿಗೆ ಮುಂಗಡ ಕೊಟ್ಟು ಸಣ್ಣ ಹುಡುಗಿಯರನ್ನು ಕಟ್ಟಿಹಾಕಿದ್ದನ್ನು ಲೇಖಕರು ತೋರಿಸುತ್ತಾರೆ. ಓದುವಾಗ ಹೊಟ್ಟೆ ಉರಿಯುತ್ತದೆ. ಬೀಜ ಎತ್ತಿಡುವ ಅಧಿಕಾರ ಮನೆಯ ಹೆಣ್ಣುಮಕ್ಕಳಿಂದ ಹೋಯಿತು, ಬೀಜ ಮಾಡುವ ದುಡಿಮೆ ಮಾತ್ರ ಬಡವರ ಹೆಣ್ಣುಮಕ್ಕಳ ಮೇಲೆ ಬಿತ್ತು. ಆಂಧ್ರದ ಅಂಶಗಳನ್ನು ಹಾವೇರಿ ಜಿಲ್ಲೆಗೆ ಹೊಂದಿಸುವುದಿಲ್ಲ. ಆದರೆ ರಾಣೆಬೆನ್ನೂರು ಕೂಡ ಬೀಜೋತ್ಪಾದನೆಗೆ ಹೆಸರಾದ ಊರು. ಅಲ್ಲಿ ಕ್ರಾಸಿಂಗ್ ಕೆಲಸಕ್ಕೆ ಯಾರು ಬರುತ್ತಾರೆ, ಕೂಲಿ ಯಾರ ಕೈಗೆ ಸೇರುತ್ತದೆ ಎಂದು ಕೇಳುವ ಪ್ರಶ್ನೆಗಳನ್ನು ಈ ಲೇಖನ ನೋಡಿಯೇ ಬರೆದುಕೊಂಡಿದ್ದೇನೆ.