ಸುತ್ತೋಲೆ: ಪಾರ್ಕಿಂಗ್, ಅತಿಥಿಗಳು, ಟೆರೇಸ್

ಕದ್ರಿ, ಮಂಗಳೂರು
ಎಲ್ಲ ಫ್ಲ್ಯಾಟ್‌ನವರಿಗೆ ನಮಸ್ಕಾರ.

ಭಾನುವಾರದ ಸಭೆಯಲ್ಲಿ ಒಪ್ಪಿದ ಈ ನಿಯಮಗಳು ಜೂನ್ 1ರಿಂದ ಜಾರಿಗೆ ಬರುತ್ತವೆ.

ಫ್ಲ್ಯಾಟಿಗೆ ಒಂದು ಕಾರು, ಎರಡು ಸ್ಕೂಟರ್. ಸಂಪಿನ ಮುಚ್ಚಳದ ಮೇಲೆ ಗಾಡಿ ನಿಲ್ಲಿಸಬೇಡಿ. ಕಳೆದ ವಾರ ನೀರಿನ ಟ್ಯಾಂಕರ್ ಅರ್ಧ ಗಂಟೆ ಸುಮ್ನೆ ಕಾಯಬೇಕಾಯಿತು.

ಅತಿಥಿಗಳು ಗೇಟಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ರಾತ್ರಿ 10ರ ನಂತರ ಬರುವವರಿದ್ದರೆ ವಾಚ್‌ಮನ್‌ಗೆ ಮೊದಲೇ ತಿಳಿಸಿ.

ಟೆರೇಸ್ ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ. ಹಲಸಿನ ಹಪ್ಪಳ ಒಣಗಿಸಲು ಅಡ್ಡಿಯಿಲ್ಲ (ಒಂದೆರಡು ನಮಗೂ ಕೊಟ್ಟರೆ ಸಂತೋಷ). ಆದರೆ ಚಾಪೆ, ಪ್ಲಾಸ್ಟಿಕ್ ಶೀಟು ಸಂಜೆಗೇ ತೆಗೆಯಿರಿ. ಮಳೆಗಾಲದಲ್ಲಿ ಅದು ಪೈಪಿಗೆ ಸಿಕ್ಕಿಕೊಂಡರೆ ಟೆರೇಸಿನಲ್ಲಿ ನೀರು ನಿಂತು ಮೇಲಿನ ಮಹಡಿ ಸೋರುತ್ತದೆ, ಅಲ್ವಾ? ಹುಟ್ಟುಹಬ್ಬ ಇದ್ದರೆ ಮೂರು ದಿನ ಮೊದಲು ಹೇಳಿ. ಮೈಕ್ ಬೇಡ.

ಕಾರ್ಯದರ್ಶಿ, ನಿವಾಸಿಗಳ ಸಂಘ