ಅವರೆ ಕಾಳಿನ ಬುತ್ತಿ

ಅಜ್ಜಿಯ ಬಿತ್ತನೆ ಡಬ್ಬದಲ್ಲಿ ಅವರೆ ಕಾಳುಗಳು ಮಲಗಿದ್ದವು. ಹುಳ ಹಿಡಿಯದಿರಲಿ ಅಂತ ಅಜ್ಜಿ ಅವುಗಳಿಗೆ ಬೂದಿ ಬೆರೆಸಿಟ್ಟಿದ್ದಳು.

ಆಷಾಢದ ಮಳೆ ಬಂದು ಹಿತ್ತಲ ಮಣ್ಣು ಮೆತ್ತಗಾಯಿತು. ಅಜ್ಜಿ ಒಂದು ಕಾಳು ತೆಗೆದು, ಬೂದಿ ಒರೆಸಿ, ಚಿನ್ನುವಿನ ಅಂಗೈಯಲ್ಲಿ ಇಟ್ಟಳು. ಕಂದು ಬಣ್ಣದ ಕಾಳು. ಒಂದು ಅಂಚಿನಲ್ಲಿ ಮಾತ್ರ ಬೆಳ್ಳಗೆ ಒಂದು ಗೆರೆ. ನೀವೂ ಅವರೆ ಕಾಳು ನೋಡಿದ್ದೀರಿ ಅಲ್ವಾ? ಆ ಗೆರೆ ಗೊತ್ತಿರುತ್ತೆ ಹಾಗಾದರೆ.

"ಇದರೊಳಗೆ ಒಂದು ಪಾಪು ಗಿಡ ಮಲಗಿದೆ," ಅಂದಳು ಅಜ್ಜಿ. "ಅಮ್ಮ ಬಳ್ಳಿ ಅದಕ್ಕೆ ಬುತ್ತಿ ಕಟ್ಟಿ ಕಳಿಸಿದೆ."

ಚಿನ್ನು ಕಾಳನ್ನು ಕಿವಿ ಹತ್ತಿರ ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ.

ಬೇಲಿ ಪಕ್ಕ ಬೆರಳಲ್ಲಿ ಗುಳಿ ಮಾಡಿ ಕಾಳು ಹಾಕಿದಳು. ಮಣ್ಣು ಮುಚ್ಚಿದಳು. ನೀರು ಚಿಮುಕಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಓಡಿ ಹೋಗಿ, ಮಣ್ಣು ಕೆದಕಿ, ಕಾಳು ಇನ್ನೂ ಅಲ್ಲೇ ಇದೆಯಾ ಅಂತ ನೋಡಿ, ಮತ್ತೆ ಮುಚ್ಚಿದಳು. ಮಧ್ಯಾಹ್ನವೂ ಹಾಗೇ ಮಾಡಿದಳು. ಸಂಜೆ ಅಜ್ಜಿ ನೋಡಿಬಿಟ್ಟಳು.

"ಮಲಗಿರೋರ ಹೊದಿಕೆ ಎಳೀತಾರಾ ಮಗಾ?"

"ನಂಗೆ ಒಳಗೆ ಏನಾಗುತ್ತೆ ಅಂತ ನೋಡ್ಬೇಕು ಅಜ್ಜಿ..."

ಅಜ್ಜಿ ಬೈಯಲಿಲ್ಲ. ಒಂದು ಗಾಜಿನ ಲೋಟ ತಂದಳು. ಒದ್ದೆ ಹತ್ತಿ ತುಂಬಿ, ಹತ್ತಿಗೂ ಗಾಜಿಗೂ ನಡುವೆ ಇನ್ನೊಂದು ಕಾಳು ಸಿಕ್ಕಿಸಿದಳು. "ಇದನ್ನ ಎಷ್ಟು ಬೇಕಾದ್ರೂ ನೋಡು. ಅದನ್ನ ಮಾತ್ರ ಸುಮ್ನೆ ಬಿಡು."

ಲೋಟದ ಕಾಳು ನೀರು ಕುಡಿಯಿತು. ಮೊದಲು ಸಿಪ್ಪೆ ಸುಕ್ಕು ಸುಕ್ಕಾಯಿತು, ಸ್ನಾನ ಜಾಸ್ತಿ ಹೊತ್ತು ಮಾಡಿದರೆ ನಮ್ಮ ಬೆರಳ ತುದಿ ಆಗುತ್ತಲ್ಲ, ಹಾಗೆ. ಆಮೇಲೆ ಕಾಳು ಊದಿ ಗುಂಡಗಾಯಿತು. ಸಿಪ್ಪೆ ಬಿರಿಯಿತು. ಬಿಳೀ ಗೆರೆಯ ಹತ್ತಿರದಿಂದ ಏನೋ ಇಣುಕಿತು. ಬೆಳ್ಳಗೆ, ಚೂಪಾಗಿ, ಅಕ್ಕಿ ಕಾಳಿನಷ್ಟು.

"ಅಜ್ಜಿ! ಗಿಡ ಬಂತು!"

"ಅದು ಬೇರು ಕಣೇ. ಮೊದಲು ಕಾಲು ಊರಬೇಕು, ಆಮೇಲೆ ಏಳೋದು."

ಬೇರು ಕೆಳಗೇ ಇಳಿಯಿತು. ಚಿನ್ನು ಕಾಳನ್ನು ಮೆಲ್ಲಗೆ ತಿರುಗಿಸಿ ಬೇರಿನ ತುದಿ ಮೇಲೆ ಬರುವ ಹಾಗೆ ಇಟ್ಟಳು. ಮಾರನೇ ದಿನ ನೋಡಿದರೆ ತುದಿ ಬಾಗಿ ಮತ್ತೆ ಕೆಳಗೆ ಹೊರಟಿದೆ! ಕೆಳಗೆ ಯಾವ ಕಡೆ ಅಂತ ಅದಕ್ಕೆ ಯಾರೂ ಹೇಳಿಕೊಡಲೇ ಇಲ್ಲ.

ಒಂದು ಬೆಳಿಗ್ಗೆ ಬೇಲಿ ಪಕ್ಕದ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಬಾಗಿದ ಒಂದು ಕತ್ತು. ತಲೆ ಇನ್ನೂ ಮಣ್ಣಿನೊಳಗೆ. ಚಿನ್ನು ಕೈ ಚಾಚಿದಳು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಎಳೀಲಿಲ್ಲ.

ಮಾರನೇ ದಿನ ತಲೆ ಮೇಲೆ ಬಂತು, ಸಿಪ್ಪೆಯನ್ನು ಟೋಪಿ ಹಾಗೆ ಹಾಕಿಕೊಂಡು. ಬಿಸಿಲು ಬಿದ್ದ ಮೇಲೆ ಟೋಪಿ ಉದುರಿತು. ಕಾಳು ಎರಡು ಬೇಳೆಯಾಗಿ ಬಿಚ್ಚಿಕೊಂಡಿತು. ನಡುವಿನಿಂದ ಎರಡು ಎಳೇ ಎಲೆ ಹೊರಬಂದವು.

"ಆ ಎರಡು ಬೇಳೆ ಇದೆಯಲ್ಲ, ಅದೇ ಬುತ್ತಿ," ಅಂದಳು ಅಜ್ಜಿ.

ದಿನ ಕಳೆದ ಹಾಗೆ ಎಲೆ ಅಗಲವಾದವು, ಬೇಳೆಗಳು ಸಣಕಲಾಗಿ, ಸುಕ್ಕುಗಟ್ಟಿ, ಕೊನೆಗೆ ಉದುರಿಹೋದವು. ಬುತ್ತಿ ಖಾಲಿ! ಚಿನ್ನುಗೆ ಭಯ ಆಯಿತು. "ಇನ್ನು ಊಟ?"

"ಈಗ ಅದಕ್ಕೆ ಎಲೆ ಬಂದಿದೆ. ಬಿಸಿಲು, ಗಾಳಿ, ನೀರು ಸಿಕ್ಕರೆ ಎಲೆಯಲ್ಲೇ ಅಡುಗೆ ಮಾಡ್ಕೊಳ್ಳುತ್ತೆ."

ಆಮೇಲೆ ಬಂದ ಎಲೆಗಳೆಲ್ಲ ಮೂರು ಮೂರು ಸೇರಿದವು. ಬಳ್ಳಿ ಬೇಲಿಯ ಕೋಲು ಹುಡುಕಿ, ಸುತ್ತಿ ಸುತ್ತಿ ಮೇಲೆ ಹತ್ತಿತು. ಗಣೇಶನ ಹಬ್ಬ ಆಯಿತು, ಬರೀ ಎಲೆ. ದಸರಾ ಆಯಿತು, ಇನ್ನೂ ಎಲೆ. "ಹಗಲು ಚಿಕ್ಕದಾಗಲಿ ತಡಿ," ಅಂದಳು ಅಜ್ಜಿ. ಚಿನ್ನು ತಡೆದಳು.

ಚಳಿ ಶುರುವಾಯಿತು. ನೇರಳೆ ಬಣ್ಣದ ಹೂಗೊಂಚಲು ಎದ್ದು ನಿಂತಿತು. ಕರಿ ದುಂಬಿ ಗುಂಯ್ ಅಂತ ಬಂತು. ಹೂ ಬಾಡಿದ ಕಡೆ ಪುಟಾಣಿ ಕಾಯಿ ಕಂಡವು. ಇಬ್ಬನಿ ಬಿದ್ದ ಬೆಳಿಗ್ಗೆ ಕಾಯಿ ಮುಟ್ಟಿದರೆ ಕೈಗೆಲ್ಲ ಸೊಗಡು. ಆ ವಾಸನೆ ಚಿನ್ನುಗೆ ಬಲು ಇಷ್ಟ.

ಸಂಕ್ರಾಂತಿಗೆ ಮನೆಯಲ್ಲಿ ಅವರೆಕಾಳಿನ ಸಾರು. ಆದರೆ ಒಂದು ಗೊಂಚಲನ್ನು ಅಜ್ಜಿ ಕೀಳಲಿಲ್ಲ. ಅದು ಬಳ್ಳಿಯಲ್ಲೇ ಒಣಗಿ ಗಲಗಲ ಅಂದಿತು.

ಚಿನ್ನು ಒಂದು ಒಣಕಾಯಿ ಬಿಡಿಸಿದಳು. ಒಳಗೆ ನಾಲ್ಕು ಕಾಳು, ನಾಲ್ಕಕ್ಕೂ ಬಿಳೀ ಗೆರೆ. ಒಂದನ್ನು ಕಿವಿ ಹತ್ತಿರ ಹಿಡಿದಳು. ಈ ಸಲ ಅಲ್ಲಾಡಿಸಲಿಲ್ಲ.

"ಮಲಗಿದೆ," ಅಂತ ಪಿಸುಗುಟ್ಟಿ, ಬೂದಿ ಡಬ್ಬ ತರಲು ಹೋದಳು.